ಕೊಟ್ಟ ಉಪನ್ಯಾಸವನ್ನು ಲೇಖನವಾಗಿಸುವಾಗ

ಪ್ರಶ್ನೆ: ನಮ್ಮೂರ ಸಹಕಾರಿ ಸಂಘದಲ್ಲಿ ಉಪನ್ಯಾಸ ಕೊಟ್ಟಿದ್ದೆ. ಸ್ಲೈಡುಗಳೂ ಧ್ವನಿಮುದ್ರಣವೂ ಇವೆ. ಇದನ್ನು ಲೇಖನ ಅಥವಾ ಸಣ್ಣ ವಿಡಿಯೊಗಳಾಗಿ ಮಾಡಲು ಎಲ್ಲಿಂದ ಶುರು ಮಾಡಬೇಕು?

ಸ್ಲೈಡುಗಳನ್ನು ಬದಿಗಿಟ್ಟು ಧ್ವನಿಮುದ್ರಣದಿಂದ ಶುರು ಮಾಡಿ. ನಾನು ಮೊದಲ ಸಲ ಇದಕ್ಕೆ ತಿರುಗುಮುರುಗಾಗಿ ಮಾಡಿ ಕೆಟ್ಟೆ. ಶಿರಸಿ ಸಮೀಪದ ಒಂದು ಊರಿನಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ 40 ನಿಮಿಷ ಮಾತನಾಡಿದ್ದೆ. ಆಮೇಲೆ 26 ಸ್ಲೈಡುಗಳನ್ನು ಸಾಲಾಗಿ ವಾಕ್ಯಗಳನ್ನಾಗಿ ಬೆಳೆಸಿ ಕರಡು ಸಿದ್ಧಮಾಡಿದೆ. ಆ ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ಸ್ಲೈಡಿನಲ್ಲಿದ್ದದ್ದು ಒಂದೇ ಸಾಲು: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಕರಡು ಓದಿದ ನೆರೆಯ ತೋಟದವರು, "ಯಾವುದನ್ನು ಯಾವುದಕ್ಕೆ ಹೊಯ್ಯಬೇಕು ಅಂತ ಬರೆದೇ ಇಲ್ವಲ್ಲ" ಎಂದರು.

ಸಭೆಯಲ್ಲಿ ಅದನ್ನು ಹೇಳಿದ್ದೆ, ಆದರೆ ಬಾಯಲ್ಲಿ ಮಾತ್ರ. ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸಿದಾಗ ಅದು ಸಿಕ್ಕಿತು: ಎರಡನ್ನೂ ಐವತ್ತೈವತ್ತು ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಹೊಯ್ಯುತ್ತ ಕದಡಬೇಕು. ಸ್ಲೈಡು ಮಾತನಾಡುವವನಿಗೆ ನೆನಪಿನ ಚೀಟಿ. ವಿವರಣೆ ಇರುವುದು ಮಾತಿನಲ್ಲಿ.

ಅಕ್ಷರಕ್ಕಿಳಿಸಿದ ಪಠ್ಯದಲ್ಲಿ "ಇಲ್ಲಿ ನೋಡಿ", "ಈ ಬಣ್ಣ", "ಹೀಗೆ" ಎಂಬ ಮಾತುಗಳಿಗೆಲ್ಲ ಗುರುತು ಹಾಕಿ. ಅಲ್ಲೆಲ್ಲ ಕೇಳುಗರ ಕಣ್ಣು ಪರದೆಯ ಮೇಲಿತ್ತು, ಓದುಗರಿಗೆ ಅದು ಇಲ್ಲ. ನನ್ನ ಭಾಷಣದಲ್ಲಿ "ಈ ಬಣ್ಣ ಬಂದರೆ ಸುಣ್ಣ ಸಾಲದು" ಎಂದಿದ್ದುದು ಲೇಖನದಲ್ಲಿ ಹೀಗಾಯಿತು: ಹೊಳೆಯುವಂತೆ ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ, ಅದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಐದು ಪದಗಳ ಜಾಗದಲ್ಲಿ ಒಂದು ಉದ್ದ ವಾಕ್ಯ ಬರುವುದು ಸಹಜ. ಬದಲಿಗೆ ಪೀಠಿಕೆ, ವಂದನೆ ಮತ್ತು ಸಭೆಗೆಂದೇ ಮೂರು ಸಲ ಹೇಳಿದ ಮಾತುಗಳು ಬಿಟ್ಟುಹೋಗುತ್ತವೆ. ಕೊನೆಯಲ್ಲಿ ಕೇಳುಗರು ಕೇಳಿದ ಪ್ರಶ್ನೆಗಳನ್ನು ಮಾತ್ರ ಬಿಡಬೇಡಿ. ಸಿಂಪಡಣೆ ಯಾವಾಗ ಎಂಬ ಪ್ರಶ್ನೆಯೇ ನನ್ನ ಲೇಖನದ ಮೊದಲ ಪ್ಯಾರಾ ಆಯಿತು, ಭಾಷಣದಲ್ಲಿ ಅದು ಕೊನೆಗೆ ಬಂದಿತ್ತು.

ವಿಡಿಯೊಗೆ ಸಭೆಯ ಮುದ್ರಣವನ್ನೇ ತುಂಡು ಮಾಡಬೇಡಿ. ಪ್ರತಿ ತುಂಡೂ ಹಿಂದಿನದನ್ನು ನೆಚ್ಚಿಕೊಂಡಿರುತ್ತದೆ. ಅಲ್ಲದೆ ಅಡ್ಡ ಸ್ಲೈಡನ್ನು ಮೊಬೈಲಿನ ಉದ್ದ ಪರದೆಯಲ್ಲಿ ಪೂರ್ತಿ ಕೂರಿಸಿದರೆ ಅದು ಎತ್ತರದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಜಾಗಕ್ಕೆ ಕುಗ್ಗಿ, ಅಕ್ಷರ ಓದಲಾಗುವುದಿಲ್ಲ. ಬರಹದಲ್ಲಿ ಹೇಳಲು ಕಷ್ಟವಾದದ್ದನ್ನಷ್ಟೇ ಆರಿಸಿ ಹೊಸದಾಗಿ ಚಿತ್ರೀಕರಿಸಿ. ನಾನು ಎರಡೇ ಮಾಡಿದೆ: ಹೊಯ್ಯುವ ಕ್ರಮ ಮತ್ತು ಚಾಕುವಿನ ಪರೀಕ್ಷೆ. ಎರಡನೆಯದರಲ್ಲಿ ಅಲಗು ದ್ರಾವಣದಿಂದ ಮೇಲೆದ್ದ ಮೇಲೆ ಕೆಲವು ಸೆಕೆಂಡು ಮಾತು ನಿಲ್ಲಿಸಿದ್ದೇನೆ, ನೋಡುವವರಿಗೆ ಬಣ್ಣ ಕಾಣಲಿ ಎಂದು.