ನವಣೆ ಬಿಸಿಬೇಳೆಬಾತ್ ಎದುರು ಏನು ಬರೆಯಬೇಕು

“ಚಿಕ್ಕಮಗಳೂರಿನ ನಮ್ಮ ಹೋಂಸ್ಟೇ ಮೆನುವಿನಲ್ಲಿ ನವಣೆ ಬಿಸಿಬೇಳೆಬಾತ್ ಎದುರು ‘ಶುಗರ್ ಇಳಿಸುತ್ತದೆ, ಗ್ಲುಟನ್ ರಹಿತ’ ಎಂದು ಹಾಕಬಹುದೇ?”

ನಮಸ್ಕಾರ. ಮೊದಲನೆಯದನ್ನು ದಯವಿಟ್ಟು ತೆಗೆದುಬಿಡಿ. ಆಹಾರವು ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬ ಹೇಳಿಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿ ಅವಕಾಶ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನವಣೆಯ ತೂಕದಲ್ಲೂ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ ಆಗಿರುವುದರಿಂದ, ಮೆತ್ತಗೆ ಬೇಯಿಸಿ ತಟ್ಟೆ ತುಂಬ ಬಡಿಸಿದ ಬಾತ್ ರಕ್ತದ ಸಕ್ಕರೆಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ನವಣೆಯಲ್ಲಿ ಇಲ್ಲ, ಆದರೆ ನಿಮ್ಮ ಬಾತಿನಲ್ಲಿ ಇರಬಹುದು. ಒಗ್ಗರಣೆಯ ಇಂಗಿನ ಡಬ್ಬಿಯನ್ನು ತಿರುಗಿಸಿ ಓದಿ: ಅನೇಕ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. (ನಾನೂ ಬಹಳ ಕಾಲ ಗಮನಿಸಿರಲಿಲ್ಲ.) ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವ ಅತಿಥಿಗೆ ಅಷ್ಟು ಸಾಕು, ಕಷ್ಟವಾಗುತ್ತದೆ. ಅಕ್ಕಿಹಿಟ್ಟಿನ ಇಂಗು ತಂದರೂ, ಚಪಾತಿ ಲಟ್ಟಿಸುವ ಕಟ್ಟೆಯ ಮೇಲೆಯೇ ಈ ಅಡುಗೆಯೂ ನಡೆಯುವವರೆಗೆ ಆ ಮಾತನ್ನು ಬರೆಯಬೇಡಿ.

ನಾನಾದರೆ ಹೀಗೆ ಬರೆಯುತ್ತೇನೆ: “ನವಣೆ, ತೊಗರಿಬೇಳೆ, ಹುರುಳಿಕಾಯಿ, ಕ್ಯಾರೆಟ್. ಅಕ್ಕಿ ಇಲ್ಲ. ಗೋಧಿ ಬಳಸುವ ಅಡುಗೆಮನೆಯಲ್ಲಿ ತಯಾರಿಸಿದ್ದು.” ನಾರಿನಂಶದ ಮಾತನ್ನು ಸೇರಿಸುವುದಿದ್ದರೆ, ತೌಡು ಉಳಿಸಿಕೊಂಡ ನವಣೆಯನ್ನೇ ತನ್ನಿ, ಪಾಲಿಶ್ ಮಾಡಿದ್ದರಲ್ಲಿ ಅದರ ಬಹುಪಾಲು ಗಿರಣಿಯಲ್ಲೇ ಉಳಿದಿರುತ್ತದೆ.