ಚಪ್ಪಾಳೆ ಬರುತ್ತೆ, ಕೆಲಸ ಬರಲ್ಲ

(ಪ್ರಕರಣದ ವ್ಯಕ್ತಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಅವರು ಸರ್ಟಿಫೈಡ್ ಎನರ್ಜಿ ಆಡಿಟರ್. ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಕೆಲಸ ಬಿಟ್ಟು, ಬೆಂಗಳೂರಿನಲ್ಲಿ ಸ್ವಂತವಾಗಿ ಸಲಹೆಗಾರಿಕೆ ಶುರುಮಾಡಿದ್ದರು. ಸಣ್ಣ ಕಾರ್ಖಾನೆಗಳಿಗೆ ಹೋಗಿ ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿ ಹೇಳುವುದು ಅವರ ಕಸುಬು. ಹೆಸರು ಮಾಡಬೇಕೆಂದು ಒಂಬತ್ತು ಪಾಡ್‌ಕಾಸ್ಟ್‌ಗಳಲ್ಲಿ ಅತಿಥಿಯಾಗಿದ್ದರು, ಮೂರು ಸಮ್ಮೇಳನಗಳಲ್ಲಿ ಮಾತಾಡಿದ್ದರು. ನನ್ನ ಹತ್ತಿರ ಸಲಹೆ ಕೇಳಲು ಬಂದಾಗ ಅವರ ದೂರು ಒಂದೇ ವಾಕ್ಯದ್ದು: "ಎಲ್ಲರೂ ಚೆನ್ನಾಗಿ ಮಾತಾಡ್ತೀರಿ ಅಂತಾರೆ ಸರ್, ಆದರೆ ಯಾರೂ ಕೆಲಸ ಕೊಡಲ್ಲ. ನನಗೇ ಏನೋ ಬರಲ್ವೇನೋ ಅನ್ನಿಸೋಕೆ ಶುರುವಾಗಿದೆ."

ಆತ್ಮವಿಶ್ವಾಸದ ಮಾತು ಆಮೇಲೆ ಆಡೋಣ, ಮೊದಲು ಕರೆಗಳ ಲೆಕ್ಕ ನೋಡೋಣ ಎಂದೆ. ಒಂದು ಹಾಳೆಯಲ್ಲಿ ಪ್ರತಿ ಕಾರ್ಯಕ್ರಮದ ಮುಂದೆ ಮೂರು ವಿಷಯ ಬರೆಸಿದೆ: ಕೇಳಿದವರು ಯಾರು, ಕೊನೆಯಲ್ಲಿ ಅವರಿಗೆ ಏನು ಮಾಡಿ ಎಂದಿರಿ, ಆಮೇಲೆ ಫೋನ್ ಮಾಡಿದವರು ಯಾರು.

ಹಾಳೆ ತುಂಬುವಷ್ಟರಲ್ಲಿ ಅವರಿಗೇ ಅರ್ಥವಾಯಿತು. ಒಂಬತ್ತರಲ್ಲಿ ಏಳು ಪಾಡ್‌ಕಾಸ್ಟ್‌ಗಳು ಸುಸ್ಥಿರತೆ, ಹಸಿರು ಇಂಧನದ ಕುರಿತವು. ಕೇಳುಗರು ಬೇರೆ ಆಡಿಟರ್‌ಗಳು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಬಂದ ಕರೆಗಳೂ ಅವರವೇ: ಒಬ್ಬರಿಗೆ ಪರೀಕ್ಷೆಗೆ ಹೇಗೆ ಓದಬೇಕು ಗೊತ್ತಾಗಬೇಕು, ಇನ್ನೊಬ್ಬರಿಗೆ ಇಂಟರ್ನ್‌ಶಿಪ್ ಬೇಕು. ಹಣ ಕೊಟ್ಟ ಒಬ್ಬನೇ ಒಬ್ಬ ಗ್ರಾಹಕ ಸಿಕ್ಕಿದ್ದು ಪಾಡ್‌ಕಾಸ್ಟ್‌ನಿಂದಲೂ ಅಲ್ಲ, ಸಮ್ಮೇಳನದಿಂದಲೂ ಅಲ್ಲ. ಬೆಳಗಾವಿಯಲ್ಲಿ ನಲವತ್ತು ಮಂದಿ ಫೌಂಡ್ರಿ ಮಾಲೀಕರು ಸೇರಿದ್ದ ಊಟದ ಸಭೆಯಲ್ಲಿ ಅವರು ಇಪ್ಪತ್ತು ನಿಮಿಷ ಮಾತಾಡಿದ್ದರು. ಅದನ್ನು ಅವರು ಪಟ್ಟಿಗೇ ಸೇರಿಸಿರಲಿಲ್ಲ, "ಅದೇನು ದೊಡ್ಡ ವೇದಿಕೆ ಅಲ್ವಲ್ಲ" ಎಂದರು.

ಅಲ್ಲಿ ಏನು ಮಾತಾಡಿದಿರಿ ಎಂದು ಕೇಳಿದೆ. ಕಂಪ್ರೆಸರ್ ಸೋರಿಕೆ ಪರೀಕ್ಷೆ ಹೇಳಿಕೊಟ್ಟಿದ್ದರಂತೆ. ನನಗೂ ವಿವರಿಸಿದರು. ಊಟದ ಬಿಡುವಿನಲ್ಲಿ ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ, ಕಂಪ್ರೆಸರ್ ಒಂದನ್ನೇ ಓಡಲು ಬಿಡಬೇಕು. ಯಾರೂ ಗಾಳಿ ಬಳಸುತ್ತಿಲ್ಲ ಎಂದಮೇಲೆ ಅದು ಮತ್ತೆ ಮತ್ತೆ ಲೋಡ್ ಆಗುತ್ತಿದ್ದರೆ, ಅಂದರೆ ಗಾಳಿ ತುಂಬಲು ಶುರುಮಾಡುತ್ತಿದ್ದರೆ, ಆ ಗಾಳಿ ಹೋಗುತ್ತಿರುವುದು ತೂತುಗಳಿಗೆ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾಲ್ಕೈದು ಸುತ್ತು ಅಳೆಯಬೇಕು. ಲೋಡ್ 40 ಸೆಕೆಂಡ್, ಅನ್‌ಲೋಡ್ 80 ಸೆಕೆಂಡ್ ಬಂದರೆ 120ರಲ್ಲಿ 40, ಅಂದರೆ ಮೂರನೇ ಒಂದು ಪಾಲು ಸೋರಿಕೆ. 30 ಕಿಲೋವ್ಯಾಟ್ ಕಂಪ್ರೆಸರ್ ಆದರೆ ಗಂಟೆಗೆ ಸುಮಾರು 10 ಯೂನಿಟ್. ದಿನಕ್ಕೆ 20 ಗಂಟೆ ಓಡಿದರೆ, ಯೂನಿಟ್‌ಗೆ 7 ರೂಪಾಯಿ ಹಿಡಿದರೂ ದಿನಕ್ಕೆ 1,400 ರೂಪಾಯಿ.

ಗ್ರಾಹಕನಾದ ಆ ಫೌಂಡ್ರಿ ಮಾಲೀಕ ಮರುದಿನವೇ ಅಳೆದು ಫೋನ್ ಮಾಡಿದ್ದ. ಅವನಿಗೆ ಇವರ ಅರ್ಹತೆಯ ಬಗ್ಗೆ ಕೇಳುವ ಅಗತ್ಯವೇ ಬಂದಿರಲಿಲ್ಲ. ತನ್ನ ಕಾರ್ಖಾನೆಯದೇ ಅಂಕಿ ಕೈಯಲ್ಲಿತ್ತು.

ಪಾಡ್‌ಕಾಸ್ಟ್‌ಗಳಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಲ್ಲಿ ಇಂಗಾಲದ ಹೊರಸೂಸುವಿಕೆ, ನೀತಿ, ಭವಿಷ್ಯ ಎಂದು ಮಾತಾಡುತ್ತಿದ್ದರು. ಕಂಪ್ರೆಸರ್ ಸೋರಿಕೆ ಬೇರೆ ಆಡಿಟರ್‌ಗಳ ಮುಂದೆ ಮಕ್ಕಳ ಪಾಠದಂತೆ ಕಾಣುತ್ತದೆ ಎಂಬ ಅಳುಕು. ಕೊನೆಯಲ್ಲಿ ನಿರೂಪಕರು "ನಿಮ್ಮನ್ನು ಎಲ್ಲಿ ಸಂಪರ್ಕಿಸಬೇಕು?" ಎಂದರೆ ಮೂರು ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಹೇಳಿ ನಗುತ್ತಿದ್ದರಂತೆ. ಕೆಲಸ ಕೇಳುವುದೆಂದರೆ ಕೈಚಾಚಿದಂತೆ ಅನ್ನಿಸುತ್ತದೆ ಎಂದರು. ಈ ಸಂಕೋಚವನ್ನು ಸ್ವಂತ ವೃತ್ತಿಗೆ ಬಂದ ಎಷ್ಟೋ ನೌಕರರಲ್ಲಿ ಕಂಡಿದ್ದೇನೆ. ಸಂಬಳ ತಿಂಗಳ ಕೊನೆಗೆ ತಾನಾಗಿ ಬರುತ್ತಿದ್ದವರಿಗೆ ಬಾಯಿಬಿಟ್ಟು ಕೇಳಿ ಅಭ್ಯಾಸವಿರುವುದಿಲ್ಲ.

ನಾನು ಕೊಟ್ಟ ಮೊದಲ ಸಲಹೆ ಪಾಡ್‌ಕಾಸ್ಟ್ ಬಿಡಿ ಎಂದಲ್ಲ, ಕೇಳುಗರನ್ನು ಬದಲಿಸಿ ಎಂದು. ಕರೆಂಟು ಬಿಲ್ಲನ್ನು ತಿಂಗಳು ತಿಂಗಳು ನೋಡಿ ಸಂಕಟಪಡುವವರು ಯಾರು? ಮಾಲೀಕ, ಪ್ಲಾಂಟ್ ಮ್ಯಾನೇಜರ್, ಮತ್ತು ಅವರ ಲೆಕ್ಕ ನೋಡುವ ಸಿಎ. ಹಾಗಾಗಿ ಸಣ್ಣ ಉದ್ದಿಮೆ ನಡೆಸುವವರಿಗಾಗಿ, ಸಿಎಗಳಿಗಾಗಿ, ಎರಕ ಮತ್ತು ಯಂತ್ರೋಪಕರಣದ ವ್ಯಾಪಾರಿಗಳಿಗಾಗಿ ಇರುವ ಕಾರ್ಯಕ್ರಮಗಳನ್ನು ಹುಡುಕಬೇಕು. ಕೇಳುಗರು ಇನ್ನೂರೇ ಇರಲಿ, ಅದರಲ್ಲಿ ಮೂವತ್ತು ಜನ ಕಾರ್ಖಾನೆ ಇಟ್ಟವರಾದರೆ ಸಾಕು. ನಿರೂಪಕರಿಗೆ ಬರೆಯುವ ಮುನ್ನ ಎರಡು ಸಂಚಿಕೆ ಪೂರ್ತಿ ಕೇಳಿ ಎಂದೆ. ಪತ್ರವನ್ನು ಅಲ್ಲೇ ಕೂತು ಬರೆದೆವು:

"ನಮಸ್ಕಾರ. ಸಾಲದ ಕಂತಿನ ಬಗ್ಗೆ ನೀವು ಮಾಡಿದ ಸಂಚಿಕೆ ಕೇಳಿದೆ. ನಿಮ್ಮ ಕೇಳುಗರು ಖರ್ಚಿಲ್ಲದೆ, ಊಟದ ಬಿಡುವಿನಲ್ಲಿ ಕರೆಂಟು ಪೋಲಾಗುವುದನ್ನು ಅಳೆಯುವ ಒಂದು ವಿಧಾನ ಹೇಳಿಕೊಡಬಲ್ಲೆ. ಒಂದು ಫೌಂಡ್ರಿಯಲ್ಲಿ ಅದರಿಂದ ಏನು ಗೊತ್ತಾಯಿತು ಎಂಬ ಲೆಕ್ಕವೂ ಇದೆ. ಅರ್ಧ ಗಂಟೆ ಸಾಕು."

ತಮ್ಮ ಪರಿಚಯ ಕೊನೆಗೆ ಎರಡೇ ಸಾಲು. ಅವರ ಹಳೆಯ ಪತ್ರ ಪರಿಚಯದಿಂದಲೇ ಶುರುವಾಗಿ ಒಂದು ಪುಟ ಓಡುತ್ತಿತ್ತು.

ಎರಡನೆಯದು ಕೊನೆಯ ಮಾತು. ಪಾಡ್‌ಕಾಸ್ಟ್ ಕೇಳುವವರಲ್ಲಿ ಹಲವರು ಗಾಡಿ ಓಡಿಸುತ್ತಿರುತ್ತಾರೆ, ಬರೆದುಕೊಳ್ಳಲು ಆಗುವುದಿಲ್ಲ. ಮೂರು ವಿಳಾಸ ಹೇಳಿದರೆ ಒಂದೂ ನೆನಪಿರದು. ಒಂದೇ ಜಾಗ, ಕಿವಿಯಲ್ಲಿ ಕೇಳಿದರೂ ತಪ್ಪಿಲ್ಲದೆ ಟೈಪ್ ಮಾಡಬಹುದಾದ ವಿಳಾಸ. ಅಲ್ಲಿ ಪರೀಕ್ಷೆಯ ಒಂದು ಪುಟದ ಹಾಳೆ ಮತ್ತು ವಾಟ್ಸಾಪ್ ನಂಬರ್. ಅದೇ ಕೊಂಡಿಯನ್ನು ಸಂಚಿಕೆಯ ವಿವರಣೆಯಲ್ಲಿ ಮೊದಲ ಸಾಲಿಗೇ ಹಾಕಿ ಎಂದು ನಿರೂಪಕರನ್ನು ಕೇಳಬೇಕು. ಹೇಳಬೇಕಾದ ಮಾತನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ: "ಅಳೆದು ನೋಡಿ. ಐದನೇ ಒಂದಕ್ಕಿಂತ ಜಾಸ್ತಿ ಬಂದರೆ ಆ ಅಂಕಿ ನನಗೆ ವಾಟ್ಸಾಪ್ ಮಾಡಿ, ಮುಂದೇನು ಅಂತ ಹೇಳ್ತೀನಿ." ಇದರಲ್ಲಿ ಕೈಚಾಚುವುದು ಎಲ್ಲಿದೆ ಎಂದು ಕೇಳಿದೆ. ಇಲ್ಲ ಎಂದು ಒಪ್ಪಿದರು. ವೇಗ ಬದಲಿಸುವ ವಿಎಫ್‌ಡಿ ಕಂಪ್ರೆಸರ್‌ಗೆ ಈ ಪರೀಕ್ಷೆ ಒಗ್ಗದು ಎಂಬುದನ್ನೂ ಹೇಳಿಬಿಡುತ್ತೇನೆ ಎಂದು ಅವರೇ ಸೇರಿಸಿದರು. ಒಳ್ಳೆಯದು, ಮಿತಿ ಹೇಳುವವರ ಮೇಲೆ ಮಾಲೀಕರಿಗೆ ನಂಬಿಕೆ ಬೇಗ ಬರುತ್ತದೆ.

ಸಮ್ಮೇಳನಗಳ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ವೇದಿಕೆಗೆ ದುಡ್ಡು ಕೇಳುವ ಸಂಘಟಕರು ಬಹಳ. ಇವರು ಹಣ ಕಟ್ಟಲು ಹೊರಟಿದ್ದ ಒಂದು ಕಡೆ ಹೋದ ವರ್ಷ ಬಂದವರ ಹುದ್ದೆಗಳ ಪಟ್ಟಿ ಕೇಳಿ ಎಂದೆ. ಹೆಸರು ಬೇಡ, ಹುದ್ದೆ ಸಾಕು. ಸಂಘಟಕರು ಕೊಡಲಿಲ್ಲ, ಇವರು ಹೋಗಲಿಲ್ಲ. ಮಾತಾಡಿದ ಕಡೆಯಲ್ಲೂ ಮುಖ್ಯ ಹೊತ್ತು ಭಾಷಣದ ನಂತರದ ಅರ್ಧ ಗಂಟೆ. ಸಂಜೆಯ ರೈಲು ಹಿಡಿಯಬೇಕೆಂದು ವೇದಿಕೆ ಇಳಿದು ಓಡುವುದಾದರೆ ಒಪ್ಪಿಕೊಳ್ಳಲೇಬಾರದು. ನಂಬರ್ ಕೊಟ್ಟವರಿಗೆ ಮಾರನೆಯ ದಿನವೇ, ಅವರು ಕೇಳಿದ ಪ್ರಶ್ನೆಯನ್ನು ನೆನಪಿಸಿ ಬರೆಯಬೇಕು. ಸಂಘಟಕರಿಂದ ಪಟ್ಟಿ ತೆಗೆದುಕೊಂಡು ಎಲ್ಲರಿಗೂ ಒಂದೇ ಸಂದೇಶ ಕಳಿಸುವುದು ಬೇಡ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕಾಯಿತು. ಅವರ ಕೈಯಲ್ಲಿ ಮೂರು ತಿಂಗಳ ಖರ್ಚಿಗಷ್ಟೇ ಹಣವಿತ್ತು. ರೆಕಾರ್ಡ್ ಆದ ಸಂಚಿಕೆ ಹೊರಬರಲು ವಾರಗಳು ಹಿಡಿಯುತ್ತವೆ, ಕೇಳಿದವರು ನಿರ್ಧರಿಸಲು ತಿಂಗಳುಗಳು. ಈ ದಾರಿಯಿಂದ ಮುಂದಿನ ಬಾಡಿಗೆ ಬರದು. ಅದಕ್ಕೆ ಮೊದಲು ಹಳೆಯ ಸಹೋದ್ಯೋಗಿಗಳಿಗೆ, ಕಾರ್ಖಾನೆಗೆ ಸಾಮಾನು ಪೂರೈಸುತ್ತಿದ್ದವರಿಗೆ ನೇರವಾಗಿ ಫೋನ್ ಮಾಡಿ ಎಂದೆ. ಬಂದ ಪ್ರತಿ ಕರೆಯಲ್ಲೂ "ನನ್ನ ಬಗ್ಗೆ ಮೊದಲು ಎಲ್ಲಿ ಕೇಳಿದ್ರಿ?" ಎಂದು ವಿಚಾರಿಸಿ ಬರೆದಿಡಲು ಹೇಳಿದೆ. ಪಾಡ್‌ಕಾಸ್ಟ್ ಕೇಳಿ ಹೆಸರು ಹುಡುಕಿದವರೂ "ಗೂಗಲ್‌ನಲ್ಲಿ ಸಿಕ್ಕಿತು" ಎಂದುಬಿಡುತ್ತಾರೆ. "ಮೊದಲು" ಎಂದು ಒತ್ತಿ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ.

ಮೊದಲ ಎರಡು ಕೆಲಸ ಹಳೆಯ ಪರಿಚಯದಿಂದಲೇ ಬಂದವು. ಆಮೇಲೆ ಸಿಎಗಳ ಕಾರ್ಯಕ್ರಮವೊಂದರಿಂದ ನಾಲ್ವರು ಅಂಕಿ ಕಳಿಸಿದರು. ಒಬ್ಬರು ಆಡಿಟ್ ಮಾಡಿಸಿದರು, ಒಬ್ಬರು ಮುಂದಿನ ವರ್ಷ ಎಂದರು. ಇಬ್ಬರು ಸೋರಿಕೆಯನ್ನು ತಾವೇ ಸರಿಮಾಡಿಕೊಂಡು ಥ್ಯಾಂಕ್ಸ್ ಹೇಳಿ ಮುಗಿಸಿದರು. ನಮ್ಮ ಆಡಿಟರ್‌ಗೆ ಬೇಜಾರಾಗಿತ್ತು. ಆ ಇಬ್ಬರನ್ನು ನಷ್ಟವೆಂದು ಬರೆಯಬೇಡಿ, ಆದರೆ ಲಾಭವೆಂದೂ ಬರೆಯಬೇಡಿ ಎಂದೆ.

ಹಸಿರು ಇಂಧನದ ಪಾಡ್‌ಕಾಸ್ಟ್‌ಗಳಿಂದ ಈಗಲೂ ಕರೆ ಬರುತ್ತದೆ. ವರ್ಷಕ್ಕೆ ಒಂದನ್ನು ಒಪ್ಪಿಕೊಳ್ಳುತ್ತಾರೆ: ಕೈತುಂಬ ಕೆಲಸವಿರುವ ದೊಡ್ಡ ಆಡಿಟರ್‌ಗಳು ಹಂಚಿಕೊಡುವ ಕೆಲಸ ಆ ಬಳಗದಿಂದಲೇ ಬರಬೇಕಲ್ಲ. ಉಳಿದವಕ್ಕೆ ಬೇಡ ಎಂದು ಬರೆಯುತ್ತಾರೆ.