ಬಿನ್ ಅಗಲ ಬದಲಾದರೆ ಆಕಾರವೂ ಬದಲು: ಯಾವ ಹಿಸ್ಟೋಗ್ರಾಮ್ ನಂಬಬೇಕು?

ಪ್ರಶ್ನೆ: ಒಂದೇ ಡೇಟಾಗೆ ಬಿನ್ ಅಗಲ ಬದಲಿಸಿ ಮೂರು ಹಿಸ್ಟೋಗ್ರಾಮ್ ಹಾಕಿದೆ. ಒಂದರಲ್ಲಿ ಒಂದೇ ಗುಡ್ಡ, ಒಂದರಲ್ಲಿ ಎಡಕ್ಕೆ ಬಾಲ, ಇನ್ನೊಂದರಲ್ಲಿ ಎರಡು ಗುಡ್ಡ. ಯಾವುದನ್ನು ನಂಬಲಿ? ಸರಿಯಾದ ಅಗಲ ಅಂತ ಒಂದು ಇದೆಯಾ?

ಉತ್ತರ: ಎಲ್ಲದಕ್ಕೂ ಹೊಂದುವ ಒಂದೇ ಅಗಲ ಇಲ್ಲ. ಆದರೆ ಯಾವ ಚಿತ್ರ ಮೋಸ ಮಾಡುತ್ತಿದೆ ಅಂತ ಪತ್ತೆ ಹಚ್ಚಬಹುದು. ನಿಮಗೆ ಆದದ್ದೇ ಆಗುವ ಒಂದು ಹಳೆಯ ಡೇಟಾ ಇದೆ, ಅದರಲ್ಲೇ ನೋಡೋಣ. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿರುವ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಚಿಲುಮೆ ಒಮ್ಮೆ ಚಿಮ್ಮಿದ ಮೇಲೆ ಮತ್ತೆ ಚಿಮ್ಮಲು ಎಷ್ಟು ನಿಮಿಷ ಬೇಕು ಎಂಬ 272 ಅಳತೆಗಳು. ಇದು `R` ತಂತ್ರಾಂಶದ ಜೊತೆಗೇ ಬರುತ್ತದೆ. ಅತಿ ಕಡಿಮೆ 43 ನಿಮಿಷ, ಅತಿ ಜಾಸ್ತಿ 96.

ಮೊದಲು 20 ನಿಮಿಷದ ಬಿನ್ ಇಟ್ಟು 40ರಿಂದ ಶುರು ಮಾಡಿ. ಮೂರು ಕಂಬ ಬರುತ್ತವೆ: 83, 105, 84. ನಡುವೆ ಎತ್ತರ, ಎರಡೂ ಕಡೆ ಸಮ. ಚೆಂದದ ಒಂದೇ ಗುಡ್ಡ ಅಲ್ವಾ? ಈಗ ಅಗಲ ಅಷ್ಟೇ ಇರಲಿ, ಶುರುವನ್ನು ಮಾತ್ರ 30ಕ್ಕೆ ಸರಿಸಿ. ಕಂಬಗಳು 26, 81, 159, 6 ಆಗುತ್ತವೆ. ಎಡಕ್ಕೆ ಉದ್ದ ಬಾಲ! ಡೇಟಾ ಒಂದು ಚೂರೂ ಬದಲಾಗಿಲ್ಲ. ಶುರುವಿನ ಜಾಗ ಸರಿಸಿದ್ದಕ್ಕೇ ಆಕಾರ ಬದಲಾದರೆ ಬಿನ್ ತೀರಾ ಅಗಲವಾಗಿದೆ ಎಂದು ಅರ್ಥ.

ಈಗ 5 ನಿಮಿಷಕ್ಕೆ ಇಳಿಸಿ:

```r
hist(faithful$waiting, breaks = seq(40, 100, by = 5))
```

ಕಂಬಗಳು ಎಡದಿಂದ 4, 22, 33, 24, 14, 10, 27, 54, 55, 23, 5, 1. ಐವತ್ತರ ಆಸುಪಾಸಿನಲ್ಲಿ ಒಂದು ಗುಡ್ಡ, ಎಂಬತ್ತರ ಹತ್ತಿರ ಇನ್ನೊಂದು, ನಡುವೆ ಕಣಿವೆ. 20 ನಿಮಿಷದ ಬಿನ್ ಈ ಕಣಿವೆಯನ್ನು ಅಕ್ಕಪಕ್ಕದ ಏರುಗಳ ಜೊತೆ ಸೇರಿಸಿ ಮುಚ್ಚಿಬಿಟ್ಟಿತ್ತು.

ಕಣಿವೆ ನಿಜವೇ, ಆಕಸ್ಮಿಕವೇ? ಒಂದು ಕಂಬದ ಎಣಿಕೆ ಸುಮ್ನೆ ಆಕಸ್ಮಿಕವಾಗಿ ಹೆಚ್ಚುಕಡಿಮೆ ಅದರ ವರ್ಗಮೂಲದಷ್ಟು ಅಲುಗಾಡಬಹುದು. 10ಕ್ಕೆ ಅದು ಸುಮಾರು 3, 33ಕ್ಕೆ ಸುಮಾರು 6, 55ಕ್ಕೆ ಸುಮಾರು 7. 33, 10, 55ರ ನಡುವಿನ ಅಂತರ ಅದಕ್ಕಿಂತ ತುಂಬಾ ದೊಡ್ಡದು, ಹಾಗಾಗಿ ಕಣಿವೆಯನ್ನು ನಂಬಬಹುದು. ಆದರೆ 54ಕ್ಕಿಂತ 55 ಒಂದು ಜಾಸ್ತಿ ಎಂದು ಅಲ್ಲಿ ಶಿಖರದ ಗುರುತು ಹಾಕಬೇಡಿ. ಕಣ್ಣಿಗೆ ಕಂಡ ಪ್ರತಿ ಉಬ್ಬೂ ಬಹುಲಕವಲ್ಲ.

ಹಾಗಂತ ಬಿನ್ ಎಷ್ಟು ಸಣ್ಣದಾದರೆ ಅಷ್ಟು ಒಳ್ಳೆಯದು ಎಂದೂ ಅಲ್ಲ. ಈ ಅಳತೆಗಳು ಪೂರ್ತಿ ನಿಮಿಷಗಳಲ್ಲಿವೆ. ಬಿನ್ ಅಗಲ 2.5 ಇಟ್ಟರೆ ಒಂದು ಬಿನ್‌ಗೆ ಎರಡು ಪೂರ್ಣಾಂಕ, ಮುಂದಿನದಕ್ಕೆ ಮೂರು, ಮತ್ತೆ ಎರಡು. ಕಂಬಗಳು ಬಾಚಣಿಗೆಯ ಹಲ್ಲಿನಂತೆ ಏರಿಳಿಯುತ್ತವೆ, ಹತ್ತಾರು ಬಹುಲಕಗಳಿರುವಂತೆ ಕಾಣುತ್ತದೆ. ಅವು ನಿಮ್ಮ ಅಗಲ ಹುಟ್ಟಿಸಿದ ಸುಳ್ಳು ಶಿಖರಗಳು. ಅಗಲ ಯಾವಾಗಲೂ ಅಳತೆಯ ಕನಿಷ್ಠ ಏಕಮಾನದ ಪೂರ್ಣ ಗುಣಕವಾಗಿರಲಿ.

ಎಲ್ಲಿಂದ ಶುರು ಮಾಡೋದು? ನಾನು ಸಾಮಾನ್ಯವಾಗಿ 1981ರ ಫ್ರೀಡ್‌ಮನ್–ಡಯಾಕೊನಿಸ್ ಸೂತ್ರದಿಂದ ಹೊರಡುತ್ತೇನೆ:

```
h = 2 × IQR / n^(1/3)
```

`IQR` ಅಂದರೆ ನಡುವಿನ ಅರ್ಧ ಡೇಟಾ ಹರಡಿರುವ ದೂರ. ಇಲ್ಲಿ ಅದು 82 − 58 = 24. 272ರ ಘನಮೂಲ ಸುಮಾರು 6.5. ಹಾಗಾಗಿ ಅಗಲ 7.4 ನಿಮಿಷ. ಒಂದು ಎಚ್ಚರ ಬೇಕು. ಎರಡು ಗುಡ್ಡವಿದ್ದಾಗ ಈ 24ರೊಳಗೆ ನಡುವಿನ ಕಣಿವೆಯೂ ಸೇರಿಕೊಳ್ಳುತ್ತದೆ, ಅಗಲ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಅದಕ್ಕೇ 7.4 ಬಂದರೂ ನಾನು 5 ಇಟ್ಟೆ. ಆಮೇಲೆ 10ರಲ್ಲೂ ನೋಡಿದೆ: 26, 57, 24, 81, 78, 6. ಎರಡು ಗುಡ್ಡ ಹಾಗೇ ಉಳಿದಿವೆ. ಶುರುವಿನ ಜಾಗವನ್ನು ಅರ್ಧ ಬಿನ್ ಸರಿಸಿ ಇನ್ನೊಮ್ಮೆ ನೋಡಿ. ಆಗಲೂ ಉಳಿಯುವ ಆಕಾರವನ್ನಷ್ಟೇ ವರದಿಯಲ್ಲಿ ಬರೆಯಿರಿ.

ಇನ್ನು ಓರೆಯ ವಿಷಯ, ಅಂದರೆ ಒಂದೇ ಕಡೆಗೆ ಬಾಲ ಉದ್ದವಾಗುವುದು. ಇಲ್ಲಿ ಸರಾಸರಿ 70.9, ಮಧ್ಯಾಂಕ 76. ಸರಾಸರಿ ಕಡಿಮೆ, ಆದ್ದರಿಂದ ಎಡಕ್ಕೆ ಓರೆ ಎಂದು ಪಾಠದ ನಿಯಮ ಹೇಳುತ್ತದೆ. ಆದರೆ ಇಲ್ಲಿ ಬಾಲವೇ ಇಲ್ಲ, ಎಡಗಡೆ ಇರುವುದು ಚಿಕ್ಕ ಗುಡ್ಡ. ಸರಾಸರಿಯಂತೂ ಯಾವ ಶಿಖರದ ಮೇಲೂ ಇಲ್ಲ, ಎರಡರ ನಡುವೆ ಬಿದ್ದಿದೆ. ಇಂಥ ಡೇಟಾಗೆ ಓರೆಯ ಒಂದು ಅಂಕಿ ಕೊಡುವುದರಿಂದ ಏನೂ ತಿಳಿಯುವುದಿಲ್ಲ. ಗುಂಪು ಎರಡಾಗಲು ಕಾರಣ ಹುಡುಕಿ. ಈ ಚಿಲುಮೆಯಲ್ಲಿ ಅದು ಸಿಗುತ್ತದೆ: ಸ್ವಲ್ಪ ಹೊತ್ತು ಚಿಮ್ಮಿದರೆ ಮುಂದಿನ ಕಾಯುವಿಕೆ ಕಡಿಮೆ, ತುಂಬಾ ಹೊತ್ತು ಚಿಮ್ಮಿದರೆ ಜಾಸ್ತಿ. ಚಿಮ್ಮಿದ ಅವಧಿ 3 ನಿಮಿಷಕ್ಕಿಂತ ಕಡಿಮೆಯೋ ಜಾಸ್ತಿಯೋ ಎಂದು ಡೇಟಾ ಒಡೆದು, ಎರಡಕ್ಕೂ ಬೇರೆ ಬೇರೆ ಹಿಸ್ಟೋಗ್ರಾಮ್ ಹಾಕಿ. ಓರೆ ಇದೆಯೋ ಇಲ್ಲವೋ ಎಂದು ಆಮೇಲೆ ಒಂದೊಂದರಲ್ಲೂ ಕೇಳಬಹುದು.